ಡೆಂಟ್ ನಿಜ, ಫೋಟೊ ಯಾವತ್ತಿನದು? ವಾಹನ ವಿಮೆ ಕ್ಲೇಮಿನ ಚಿತ್ರಗಳನ್ನು ಪರೀಕ್ಷಿಸುವ ಬಗೆ

ಸಣ್ಣಪುಟ್ಟ ಅಪಘಾತಗಳ ಕ್ಲೇಮ್ ಈಗ ಹೆಚ್ಚಾಗಿ ಫೋಟೊದ ಮೇಲೆಯೇ ನಡೆಯುತ್ತದೆ. ಗಾಡಿ ಗ್ಯಾರೇಜಿನಲ್ಲಿರುತ್ತದೆ, ಚಿತ್ರಗಳು ಮೊಬೈಲಿನಲ್ಲಿ ಬರುತ್ತವೆ, ಎಸ್ಟಿಮೇಟ್ ಅದರ ಹಿಂದೆಯೇ ಬರುತ್ತದೆ. ಈ ಚಿತ್ರಗಳಲ್ಲಿ ಪೂರ್ತಿ ನಕಲಿ ಸಿಗುವುದು ಅಪರೂಪ. ಜಾಸ್ತಿ ಕಾಣುವುದು ನಿಜವಾದ ಅಪಘಾತದ ಜೊತೆಗೆ ಹಳೆಯ ಡೆಂಟ್ ಒಂದನ್ನು ಸೇರಿಸುವ ಆಟ. ಹೊಸದಾಗಿ ಸರ್ವೇಯರ್ ಕೆಲಸಕ್ಕೆ ಬಂದವರು ಮತ್ತು ಕ್ಲೇಮ್ ವಿಭಾಗದಲ್ಲಿ ಕೂರುವವರು ಎಡವುವುದು ಇಲ್ಲೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಿಳಿ ಹ್ಯಾಚ್‌ಬ್ಯಾಕ್ ಕಾರು. ಆಗಸ್ಟ್ 16ರ ಮಧ್ಯಾಹ್ನ 12.30ಕ್ಕೆ ನೆಲಮಂಗಲದ ಹತ್ತಿರ ಬೈಕ್ ತಗುಲಿ ಎಡಗಡೆಯ ಮುಂದಿನ ಭಾಗಕ್ಕೆ ಪೆಟ್ಟಾಗಿದೆ ಎಂದು ಕ್ಲೇಮ್ ಬಂದಿದೆ. ಬಂಪರ್, ಎಡ ಫೆಂಡರ್ ಎರಡನ್ನೂ ಕೇಳಿದ್ದಾರೆ. ಜೊತೆಗೆ ನಾಲ್ಕು ಚಿತ್ರಗಳಿವೆ. ಮೂರು ಚಿತ್ರ ದೂರದಿಂದ ತೆಗೆದವು, ನಂಬರ್ ಪ್ಲೇಟ್ ಮತ್ತು ಬಂಪರ್ ಕಾಣುತ್ತವೆ, ಫೆಂಡರ್ ಚೌಕಟ್ಟಿನಿಂದ ಆಚೆ ಉಳಿದಿದೆ. ನಾಲ್ಕನೆಯದು ಫೆಂಡರಿನ ಹತ್ತಿರದ ಚಿತ್ರ. ಅದರಲ್ಲಿ ಪ್ಲೇಟ್ ಇಲ್ಲ.

ಮೂಲ ಫೈಲ್ ಕೇಳಿ

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಕ್ಯಾಮೆರಾ ಬರೆದಿಟ್ಟ ದಿನಾಂಕ, ಜಾಗ ಎಲ್ಲ ಅಳಿಸಿಹೋಗುತ್ತವೆ. IMG-20250816-WA0012.jpg ಎಂಬ ಹೆಸರಿನಲ್ಲಿರುವ ದಿನಾಂಕ ಚಿತ್ರ ತೆಗೆದ ದಿನದ್ದಲ್ಲ, ಅದು ವಾಟ್ಸ್‌ಆ್ಯಪ್‌ನಲ್ಲಿ ಹಾದುಬಂದ ದಿನದ್ದು. ಎಷ್ಟೋ ಜನ ಈ ಹೆಸರನ್ನೇ ಸಾಕ್ಷಿ ಎಂದು ಫೈಲಿಗೆ ಹಾಕಿಬಿಡುತ್ತಾರೆ. ಹಾಗೆಯೇ, ಮಾಹಿತಿ ಅಳಿಸಿದೆ ಎಂದ ಮಾತ್ರಕ್ಕೆ ಮೋಸ ಅಂತಲೂ ಅಲ್ಲ. ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ ಎಂದು ಕೇಳಿದರೆ ಫೈಲ್ ಇದ್ದಂತೆಯೇ ಬರುತ್ತದೆ.

ಬಂದ ಫೈಲನ್ನು ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಿರಿ:

```
exiftool -a -G1 -s photo.jpg
```

ನೋಡಬೇಕಾದ್ದು ಕೆಲವೇ ಸಾಲು. DateTimeOriginal ಎಂದರೆ ಚಿತ್ರ ತೆಗೆದ ಹೊತ್ತು. ModifyDate ಅದಕ್ಕಿಂತ ತುಂಬಾ ಈಚಿನದಾಗಿದ್ದು, Software ಎಂಬಲ್ಲಿ ಎಡಿಟಿಂಗ್ ಆ್ಯಪ್‌ನ ಹೆಸರಿದ್ದರೆ ಯಾರೋ ಕೈಯಾಡಿಸಿದ್ದಾರೆ. ಅದು ಬರೀ ಬೆಳಕು ಸರಿಪಡಿಸಿದ್ದೂ ಇರಬಹುದು, ಅಲ್ವಾ? ಹಾಗಾಗಿ ಇದು ಪ್ರಶ್ನೆ ಮಾತ್ರ, ಉತ್ತರವಲ್ಲ. ಇನ್ನೊಂದು ಎಚ್ಚರ: GPSTimeStamp ನಮ್ಮ ಗಡಿಯಾರದ ಸಮಯವಲ್ಲ, ಐದೂವರೆ ಗಂಟೆ ಹಿಂದಿರುತ್ತದೆ. ಮಧ್ಯಾಹ್ನ 12.40ರ ಚಿತ್ರದಲ್ಲಿ ಅದು 7.10 ಎಂದು ತೋರಿಸುತ್ತದೆ. ಇದನ್ನು ನೋಡಿ ‘ಬೆಳಿಗ್ಗೆಯೇ ತೆಗೆದಿದ್ದಾರೆ’ ಎಂದು ಸುಮ್ನೆ ಗಾಬರಿಯಾಗಬೇಡಿ.

ನಮ್ಮ ಉದಾಹರಣೆಯಲ್ಲಿ ಮೂರು ಚಿತ್ರಗಳ ಮೂಲ ಬಂತು. ದಿನಾಂಕ, ಜಾಗ ಎರಡೂ ಸರಿಯಾಗಿವೆ. ಫೆಂಡರಿನ ಚಿತ್ರದ ಮೂಲ ಮಾತ್ರ ‘ಡಿಲೀಟ್ ಆಗಿದೆ’. ಉಳಿದದ್ದು ವಾಟ್ಸ್‌ಆ್ಯಪ್ ಪ್ರತಿ. ಈಗ ಅದನ್ನು ಕಣ್ಣಿನಿಂದಲೇ ಓದಬೇಕು.

ನೆರಳು ಮತ್ತು ಟೈರ್

ಬೆಂಗಳೂರಿನಲ್ಲಿ ಆಗಸ್ಟ್ 18ರ ಸುಮಾರಿಗೆ ಶೂನ್ಯ ನೆರಳಿನ ದಿನ. ಮಧ್ಯಾಹ್ನ 12.20ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನೆಲಮಂಗಲಕ್ಕೂ ಇದೇ ಲೆಕ್ಕ. ಆಗಸ್ಟ್ 16ರಂದು 12.30ಕ್ಕೆ ಬಿಸಿಲಿದ್ದರೆ ಕಾರಿನ ನೆರಳು ಕಾರಿನ ಅಡಿಯಲ್ಲೇ ಇರಬೇಕು. ಮೊದಲ ಮೂರು ಚಿತ್ರಗಳಲ್ಲಿ ಹಾಗೆಯೇ ಇದೆ. ಫೆಂಡರಿನ ಚಿತ್ರದಲ್ಲಿ ಮಾತ್ರ ಚಕ್ರದ ನೆರಳು ಉದ್ದಕ್ಕೆ ನೆಲದ ಮೇಲೆ ಚಾಚಿದೆ. ಅದನ್ನು ಸಂಜೆ ಗ್ಯಾರೇಜಿನಲ್ಲಿ ತೆಗೆದಿರಬಹುದು ಎಂಬ ಉತ್ತರಕ್ಕೂ ಜಾಗ ಇದೆ. ಆದ್ದರಿಂದ ಇಲ್ಲಿಗೇ ನಿಲ್ಲಿಸುವಂತಿಲ್ಲ.

ಚಿತ್ರ ದೊಡ್ಡದು ಮಾಡಿ ಟೈರಿನ ಪಕ್ಕದ ಅಕ್ಷರ ನೋಡಿ. ಅಳತೆ, ಕಂಪನಿಯ ಹೆಸರು ಅಲ್ಲಿ ಅಚ್ಚಾಗಿರುತ್ತವೆ. ನಮ್ಮ ಚಿತ್ರದಲ್ಲಿ ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿವೆ. ಅಂದರೆ ಬಲಗಡೆಯ ಫೆಂಡರಿನ ಚಿತ್ರವನ್ನು ತಿರುಗಿಸಿ ಎಡಗಡೆಯದು ಮಾಡಿದ್ದಾರೆ. ಪ್ಲೇಟ್ ಮರೆಮಾಚುವುದು ಎಲ್ಲರಿಗೂ ನೆನಪಿರುತ್ತದೆ, ಟೈರ್ ನೆನಪಿರುವುದಿಲ್ಲ. ಬ್ಯಾಡ್ಜ್, ಗಾಜಿನ ಮೂಲೆಯ ಗುರುತು, ಹಿನ್ನೆಲೆಯ ಅಂಗಡಿ ಬೋರ್ಡ್ ಕೂಡ ಇದೇ ಗುಟ್ಟು ಬಿಟ್ಟುಕೊಡುತ್ತವೆ. ಕೆಲವು ಮೊಬೈಲುಗಳು ಸೆಲ್ಫಿಯನ್ನು ತಿರುಗಿಸಿ ಉಳಿಸುವುದುಂಟು. ಆದರೆ ಫೆಂಡರಿನ ಸೆಲ್ಫಿ ತೆಗೆಯುವವರು ಕಡಿಮೆ.

ಹಳೆಯ ಫೈಲ್ ಜೊತೆ ಹೋಲಿಸಿ

ಇಂಟರ್ನೆಟ್ಟಿನಲ್ಲಿ ಹುಡುಕುವ ಮೊದಲು ನಿಮ್ಮದೇ ಕಪಾಟು ಹುಡುಕಿ. ಪಾಲಿಸಿ ಅವಧಿ ಮುಗಿದು ತಡವಾಗಿ ನವೀಕರಿಸಿದ್ದರೆ ಆಗ ತಪಾಸಣೆಯ ಫೋಟೊಗಳನ್ನು ತೆಗೆದಿರುತ್ತಾರೆ. ಹಿಂದಿನ ಕ್ಲೇಮ್ ಇದ್ದರೆ ಅದರ ಚಿತ್ರಗಳೂ ಇರುತ್ತವೆ. ಅದೇ ಗ್ಯಾರೇಜಿನಿಂದ ಬಂದ ಬೇರೆ ಕಾರುಗಳ ಕ್ಲೇಮನ್ನೂ ನೋಡಿ, ಒಂದೇ ಡೆಂಟ್ ಎರಡು ಕಾರಿಗೆ ಹಂಚಿಹೋಗಿರಬಹುದು.

ಸಾವಿರಾರು ಚಿತ್ರ ಇದ್ದರೆ ಕಂಪ್ಯೂಟರ್ ಬೇಕು. ಹ್ಯಾಶ್ ಎಂದರೆ ಫೈಲಿನಿಂದ ಲೆಕ್ಕಹಾಕಿ ತೆಗೆಯುವ ಗುರುತಿನ ಸಂಖ್ಯೆ. ಸಾಮಾನ್ಯ ಹ್ಯಾಶ್ ಒಂದು ಚುಕ್ಕೆ ಬದಲಾದರೂ ಪೂರ್ತಿ ಬದಲಾಗುತ್ತದೆ, ಅದರಿಂದ ಪ್ರಯೋಜನವಿಲ್ಲ. ಚಿತ್ರದ ರೂಪವನ್ನೇ ಅಳೆಯುವ ಬೇರೆ ಬಗೆಯ ಹ್ಯಾಶ್ ಇದೆ. ಅದು ಚಿತ್ರವನ್ನು ಕೆಲವೇ ಚುಕ್ಕೆಗಳಿಗೆ ಕುಗ್ಗಿಸಿ, ಅಕ್ಕಪಕ್ಕದ್ದರಲ್ಲಿ ಯಾವುದು ಬೆಳಕು, ಯಾವುದು ಕತ್ತಲೆ ಎಂದು 64 ಬಿಟ್‌ಗಳಲ್ಲಿ ಬರೆದಿಡುತ್ತದೆ. ಕುಗ್ಗಿಸಿದರೂ, ಸ್ವಲ್ಪ ಬೆಳಕು ಹೆಚ್ಚಿಸಿದರೂ ಎರಡು ಪ್ರತಿಗಳ ನಡುವೆ ಕೆಲವೇ ಬಿಟ್ ವ್ಯತ್ಯಾಸ ಬರುತ್ತದೆ. ಆದರೆ ಚಿತ್ರ ತಿರುಗಿಸಿದರೆ ಇದು ಮೋಸ ಹೋಗುತ್ತದೆ. ಹಾಗಾಗಿ ಪ್ರತಿ ಚಿತ್ರದ ತಿರುಗಿಸಿದ ಪ್ರತಿಯನ್ನೂ ಹೋಲಿಸಬೇಕು. ಅಂಚುಗಳನ್ನು ಜಾಸ್ತಿ ಕತ್ತರಿಸಿದ್ದರೆ ಇದು ಕೈಕೊಡುತ್ತದೆ. ಬಿಳಿ ಕಾರಿನ ಹತ್ತಿರದ ಚಿತ್ರಗಳು ಸಂಬಂಧವಿಲ್ಲದಿದ್ದರೂ ಒಂದಕ್ಕೊಂದು ಹೋಲುತ್ತವೆ. ಯಂತ್ರ ‘ಸಿಕ್ಕಿತು’ ಎಂದಾಗ ಕಣ್ಣಿಂದ ನೋಡಲೇಬೇಕು.

ನೋಡುವ ಕ್ರಮ ಹೀಗೆ. ಡೆಂಟ್‌ನ ಆಕಾರ ನಂಬಬೇಡಿ, ಕೋನ ಬದಲಾದರೆ ಅದೂ ಬದಲಾಗುತ್ತದೆ. ಬಣ್ಣ ಎದ್ದ ಚಕ್ಕೆಗಳ ಅಂಚು ನೋಡಿ. ಅವು ಯಾವ ಸಾಲಿನಲ್ಲಿವೆ, ಯಾವ ಗೀರು ಯಾವುದನ್ನು ದಾಟುತ್ತದೆ ಎಂದು ಮೂರ್ನಾಲ್ಕು ಗುರುತು ಹಿಡಿಯಿರಿ. ಎರಡು ಬೇರೆ ಅಪಘಾತಗಳಲ್ಲಿ ಇವೆಲ್ಲ ಒಂದೇ ಥರ ಬೀಳುವುದಿಲ್ಲ. ನಮ್ಮ ಕಾರಿನ ಫೆಬ್ರುವರಿ ತಪಾಸಣೆಯ ಚಿತ್ರದಲ್ಲಿ ಬಲ ಫೆಂಡರಿನ ಮೇಲೆ ಇವೇ ಚಕ್ಕೆಗಳು, ಇದೇ ಅಡ್ಡ ಗೀರು ಇವೆ. ಹೊಸ ಚಿತ್ರವನ್ನು ತಿರುಗಿಸಿ ಪಕ್ಕಕ್ಕಿಟ್ಟರೆ ಒಂದೊಂದೂ ಹೊಂದುತ್ತವೆ.

ಡೆಂಟ್ ಅನ್ನೇ ಅಂಟಿಸಿದ್ದರೆ?

ಆಗ ಪ್ರತಿಬಿಂಬ ನೋಡಿ. ಬಣ್ಣದ ತಗಡಿನಲ್ಲಿ ಕರೆಂಟ್ ತಂತಿ, ಕಟ್ಟಡದ ಅಂಚು ಕಾಣುತ್ತಿರುತ್ತವೆ. ತಗಡು ನಿಜಕ್ಕೂ ತಗ್ಗಿದ್ದರೆ ಆ ಗೆರೆಗಳು ಅಲ್ಲಿ ಬಾಗಬೇಕು. ತಗ್ಗಿನ ಮೇಲೂ ನೇರವಾಗಿ ಹಾದುಹೋದರೆ, ಇಲ್ಲವೇ ಥಟ್ಟನೆ ತುಂಡಾದರೆ ಅನುಮಾನಪಡಿ. ಚಿತ್ರದ ಯಾವ ಭಾಗ ಎಡಿಟ್ ಆಗಿದೆ ಎಂದು ಬಣ್ಣದಲ್ಲಿ ತೋರಿಸುವ ವೆಬ್‌ಸೈಟುಗಳಿವೆ. ವಾಟ್ಸ್‌ಆ್ಯಪ್ ಮತ್ತೆ ಕುಗ್ಗಿಸಿದ ಚಿತ್ರಕ್ಕೆ ಅವನ್ನು ನಾನು ಬಳಸುವುದಿಲ್ಲ. ಗ್ರಿಲ್, ನಂಬರ್ ಪ್ಲೇಟಿನಂಥ ಚೂಪು ಅಂಚುಗಳು ಎಡಿಟ್ ಆಗದಿದ್ದರೂ ಅಲ್ಲಿ ಹೊಳೆಯುತ್ತವೆ.

ಕೊನೆಗೆ ಕಾರಿನ ಹತ್ತಿರ

ಫೋಟೊ ನೋಡಿ ಕ್ಲೇಮ್ ತಿರಸ್ಕರಿಸಬೇಡಿ. ಇಲ್ಲವೆಂದರೆ ನಾಳೆ ಗ್ರಾಹಕರ ಆಯೋಗದ ಮುಂದೆ ಒಂದು ಹ್ಯಾಶ್ ಸಂಖ್ಯೆ ಹಿಡಿದು ನಿಲ್ಲಬೇಕಾಗುತ್ತದೆ. ರಿಪೇರಿ ನಿಲ್ಲಿಸಲು ಹೇಳಿ, ಗಾಡಿ ನೋಡಿ. ಹೋಗಲು ಆಗದಿದ್ದರೆ ಲೈವ್ ವಿಡಿಯೊ ಕೇಳಿ. ನಂಬರ್ ಪ್ಲೇಟಿನಿಂದ ಶುರುಮಾಡಿ, ಕ್ಯಾಮೆರಾ ನಿಲ್ಲಿಸದೆ ಫೆಂಡರಿನವರೆಗೆ ನಡೆಯಬೇಕು. ಎಡ ಫೆಂಡರಿನಲ್ಲಿ ಏನೂ ಇಲ್ಲ, ಬಲಗಡೆಯ ಡೆಂಟ್‌ನಲ್ಲಿ ತುಕ್ಕು ಮತ್ತು ಗಟ್ಟಿಯಾದ ಧೂಳಿದೆ ಎಂದರೆ ಎರಡೂ ಕಡೆಯ ಚಿತ್ರ ತೆಗೆದಿಟ್ಟುಕೊಳ್ಳಿ.

ಆಮೇಲೆ ಮಾಲೀಕರಿಗೆ ಲಿಖಿತವಾಗಿ ಮೂರು ಪ್ರಶ್ನೆ ಕಳಿಸಿ: ನಾಲ್ಕನೆಯ ಚಿತ್ರ ಯಾರು ತೆಗೆದರು, ಯಾವಾಗ, ಯಾರ ಮೊಬೈಲಿನಿಂದ ಬಂತು? ‘ನಾನು ಮೂರೇ ಫೋಟೊ ಕೊಟ್ಟಿದ್ದು ಸಾರ್, ನಾಲ್ಕನೆಯದು ಗ್ಯಾರೇಜಿನವರು ಹಾಕಿದ್ದು’ ಎಂಬ ಉತ್ತರವೂ ಬರಬಹುದು. ಅದು ನಿಜವೂ ಆಗಿರಬಹುದು. ವರದಿಯಲ್ಲಿ ‘ಮೋಸ’ ಎಂಬ ಪದ ಬರೆಯಬೇಡಿ. ‘ನಾಲ್ಕನೆಯ ಚಿತ್ರ ಫೆಬ್ರುವರಿಯ ತಪಾಸಣೆಯಲ್ಲಿ ಕಂಡ ಬಲ ಫೆಂಡರಿನ ಡೆಂಟ್‌ನ ತಿರುಗಿಸಿದ ಚಿತ್ರ’ ಎಂದು ಬರೆದು, ಎರಡನ್ನೂ ಗುರುತು ಹಾಕಿ ಅಕ್ಕಪಕ್ಕ ಅಂಟಿಸಿ. ಬಂಪರಿನ ಪೆಟ್ಟು ವಿವರಿಸಿದ ಅಪಘಾತಕ್ಕೆ ಹೊಂದುತ್ತದೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಿರಿ. ಕ್ಲೇಮ್ ಏನು ಮಾಡಬೇಕು ಎಂಬುದನ್ನು ಪಾಲಿಸಿಯ ಷರತ್ತು ನೋಡಿ ಕಂಪನಿ ತೀರ್ಮಾನಿಸುತ್ತದೆ.