ಥ್ರೆಡ್ ಯಾವಾಗ, ಹೊಸ ಮೆಸೇಜ್ ಯಾವಾಗ: ನಮ್ಮ ಚಾನೆಲ್ ಓದುವ ಹಾಗಾದ ಕಥೆ

"ನಮ್ಮ ಜನಕ್ಕೆ ಇದೆಲ್ಲ ಆಗಲ್ಲ ಗುರು. ಎರಡು ದಿನ ಥ್ರೆಡ್ ಅಂತಾರೆ, ಮೂರನೇ ದಿನ ಮತ್ತೆ ಸಂತೆ." ಸ್ಲ್ಯಾಕ್‌ನಲ್ಲಿ ಉತ್ತರಗಳನ್ನು ಕೇಳಿದ ಮೆಸೇಜ್‌ನ ಕೆಳಗೇ, ಥ್ರೆಡ್ ಆಗಿ ಹಾಕೋಣ ಎಂದಾಗ ನಮ್ಮ ಟೀಮಿನ ಹಿರಿಯರೊಬ್ಬರು ಹೀಗೆ ನಕ್ಕು ಎದ್ದು ಹೋಗಿದ್ದರು. ಒಂಬತ್ತು ತಿಂಗಳಾಗುತ್ತಾ ಬಂತು, ಸಂತೆ ಇನ್ನೂ ಸೇರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಬೆಂಗಳೂರಿನಲ್ಲಿ, ಅಂಗಡಿಯವರಿಗೆ ಆನ್‌ಲೈನ್ ಪೇಮೆಂಟ್ ಹಣ ತಲುಪಿಸುವ ಕೆಲಸದಲ್ಲಿ. ನಮ್ಮ `#settlement-help` ಚಾನೆಲ್‌ನಲ್ಲಿ ನಲವತ್ತು ಜನರ ಹತ್ತಿರ ಇದ್ದಾರೆ. ಸಪೋರ್ಟ್‌ನವರು ಕೇಳುತ್ತಾರೆ, ಆಪ್ಸ್‌ನವರು ನೋಡುತ್ತಾರೆ, ನಡುವೆ ಡೆವಲಪರ್‌ಗಳು ಬಂದು ಒಂದು ಸಾಲು ಹಾಕಿ ಹೋಗುತ್ತಾರೆ. ದಿನಕ್ಕೆ ಇನ್ನೂರು ಮೆಸೇಜ್ ಆರಾಮಾಗಿ ಆಗುತ್ತಿತ್ತು. ಮಧ್ಯಾಹ್ನದ ಶಿಫ್ಟ್‌ನವರು ಬಂದ ಕೂಡಲೇ ಮೇಲಕ್ಕೆ ಸ್ಕ್ರೋಲ್ ಮಾಡುತ್ತಾ ಅರ್ಧ ಗಂಟೆ ಕಳೆಯುತ್ತಿದ್ದರು.

ಒಂದು ಶುಕ್ರವಾರ ಸಂಜೆ ಮೂರು ತೊಂದರೆ ಒಟ್ಟಿಗೆ ಬಂದವು. ಒಂದು ಬಟ್ಟೆ ಅಂಗಡಿಯ ರೀಫಂಡ್ ಸಿಕ್ಕಿಹಾಕಿಕೊಂಡಿತ್ತು. ಇನ್ನೊಬ್ಬರ ಬ್ಯಾಂಕ್ ಖಾತೆ ಸಂಖ್ಯೆ ತಪ್ಪಾಗಿತ್ತು. ಮೂರನೆಯದು ಏನೋ ಫೈಲ್ ತಡ. ಮೂರರ ಉತ್ತರಗಳೂ ಚಾನೆಲ್‌ನಲ್ಲೇ ಒಂದರ ಮೇಲೊಂದು ಬೀಳುತ್ತಿದ್ದವು. ಆ ಗದ್ದಲದಲ್ಲಿ ಒಬ್ಬರು "ಇದನ್ನ ನಾನು ಮಾಡ್ತೀನಿ" ಎಂದು ಬರೆದರು. ಯಾವುದನ್ನ? ಅವರ ಮನಸ್ಸಿನಲ್ಲಿದ್ದದ್ದು ರೀಫಂಡ್. ಓದಿದ ಇನ್ನೊಬ್ಬರು ಅದು ಖಾತೆ ಸಂಖ್ಯೆಯ ವಿಷಯ ಅಂದುಕೊಂಡು ರೀಫಂಡ್ ತಾವೇ ಕೈಯಿಂದ ಹಾಕಿದರು. ರೀಫಂಡ್ ಎರಡು ಸಲ ಹೋಯಿತು, ಸುಮಾರು ಒಂದು ಲಕ್ಷ ಎಂಬತ್ತು ಸಾವಿರ. ವಾಪಸ್ ಪಡೆಯಲು ಮೂರು ವಾರ ಫೋನ್ ಮಾಡಿದೆವು. ಹದಿನಾಲ್ಕು ಸಾವಿರದಷ್ಟು ಬರಲೇ ಇಲ್ಲ, ನಮ್ಮ ಲೆಕ್ಕಕ್ಕೇ ಬಿತ್ತು.

ಆಗ ನಾನು ಮಾಡಿದ ಮೊದಲ ಕೆಲಸ ಶುದ್ಧ ದಡ್ಡತನ. "ಇನ್ನು ಮೇಲೆ ಎಲ್ಲ ಉತ್ತರವೂ ಥ್ರೆಡ್‌ನಲ್ಲೇ" ಎಂದು ಪಿನ್ ಮಾಡಿಬಿಟ್ಟೆ. ಚಾನೆಲ್ ಏನೋ ಸ್ವಚ್ಛವಾಯಿತು. ಆದರೆ ಎರಡನೇ ವಾರ ಬ್ಯಾಂಕ್ ಫೈಲ್ ಕಳಿಸುವ ಸಮಯ ಬದಲಾದ ಸುದ್ದಿ ಒಂದು ಥ್ರೆಡ್‌ನ ಇಪ್ಪತ್ತಾರನೇ ಉತ್ತರದಲ್ಲಿ ಹೂತುಹೋಯಿತು. ಥ್ರೆಡ್‌ನಲ್ಲಿ ಬರೆದದ್ದು ಅದರಲ್ಲಿ ಮಾತಾಡಿದವರಿಗೆ, ಹೆಸರು ಹಾಕಿ ಕರೆದವರಿಗೆ, ಫಾಲೋ ಮಾಡಿದವರಿಗೆ ಮಾತ್ರ ಗೊತ್ತಾಗುತ್ತದೆ, ಉಳಿದವರಿಗೆ ಚಾನೆಲ್ ಹೆಸರು ದಪ್ಪ ಅಕ್ಷರವೂ ಆಗುವುದಿಲ್ಲ ಅಲ್ವಾ. ಅಲ್ಲಿ `@here` ಹಾಕಿದರೂ ಯಾರಿಗೂ ಗಂಟೆ ಬಾರಿಸುವುದಿಲ್ಲ. ಸಂಜೆಯವರು ಹಳೇ ಸಮಯಕ್ಕೇ ಫೈಲ್ ಕಳಿಸಿದರು. ಇನ್ನೂರು ಚಿಲ್ಲರೆ ಅಂಗಡಿಗಳ ಹಣ ಒಂದು ದಿನ ತಡ. ಹಿರಿಯರು ಏನೂ ಹೇಳಲಿಲ್ಲ, ಸುಮ್ನೆ ನನ್ನ ಕಡೆ ನೋಡಿದರು.

ಅಲ್ಲಿಂದ ನಿಯಮ ತಿರುಗಿಸಿ ಹಾಕಿದೆ. ಬರೆಯುವ ಮುಂಚೆ ಒಂದೇ ಪ್ರಶ್ನೆ: ಈ ಥ್ರೆಡ್ ತೆರೆಯದವನಿಗೂ ಇದು ಬೇಕಾ? ಬೇಡವಾದರೆ ಥ್ರೆಡ್. ಐಡಿ ಕೇಳುವುದು, ಸ್ಕ್ರೀನ್‌ಶಾಟ್ ಹಾಕುವುದು, "ನೋಡ್ತಿದ್ದೀನಿ", "ಮತ್ತೊಂದು ಸಲ ಟ್ರೈ ಮಾಡಿ", ಎಲ್ಲ ಒಳಗೇ. ಬೇಕು ಎಂದಾದರೆ ಥ್ರೆಡ್‌ನಲ್ಲೇ ಬರೆದು ಕೆಳಗಿನ `Also send to` ಟಿಕ್ ಮಾಡಬೇಕು. ಆದರೆ ಆ ಟಿಕ್ ಕೆಲಸ ಮುಗಿದಾಗ ಅಥವಾ ಎಲ್ಲರೂ ಮಾಡುವ ಕ್ರಮ ಬದಲಾದಾಗ ಮಾತ್ರ. ಮೊದಮೊದಲು ಜನ ಪ್ರತಿಯೊಂದಕ್ಕೂ ಟಿಕ್ ಹಾಕಿದರು. ಚಾನೆಲ್‌ನಲ್ಲಿ ತಲೆಬುಡವಿಲ್ಲದ "ಓಕೆ, ಆಯ್ತು"ಗಳು ತೇಲತೊಡಗಿದವು, ಅದು ಹಳೇ ಸಂತೆಗಿಂತ ಕಡೆ. ಹಾಗಾಗಿ ಟಿಕ್ ಹಾಕುವ ಸಾಲು ಒಂಟಿಯಾಗಿ ಓದಿದರೂ ಅರ್ಥವಾಗಬೇಕು ಎಂದೆ. "ಆಯ್ತು" ಅಲ್ಲ, "ಬಟ್ಟೆ ಅಂಗಡಿ ರೀಫಂಡ್ ಹೋಯಿತು, ಯಾರೂ ಮತ್ತೆ ಹಾಕಬೇಡಿ."

ಹೊಸ ಮೆಸೇಜ್ ಹಾಕುವುದು ಎರಡು ಕಡೆ. ಮಾತು ಬೇರೆ ವಿಷಯಕ್ಕೆ ಹೊರಳಿದರೆ ಒಂದು. ರೀಫಂಡ್ ಥ್ರೆಡ್‌ನಲ್ಲಿ ಯಾರೋ "ಅಂದಹಾಗೆ ಡ್ಯಾಶ್‌ಬೋರ್ಡ್ ನಿಧಾನ ಇದೆ" ಎಂದರೆ ಅದಕ್ಕೆ ಚಾನೆಲ್‌ನಲ್ಲಿ ಹೊಸ ಸಾಲು. ಇನ್ನೊಂದು, ಹಳೇ ಥ್ರೆಡ್ ಮತ್ತೆ ಏಳುವಾಗ. ಹೋದ ವಾರದ ಥ್ರೆಡ್‌ಗೆ ಇವತ್ತು ಉತ್ತರ ಹಾಕಿದರೆ ಮೇಲೆಲ್ಲೋ ಹೋಗಿ ಕೂರುತ್ತದೆ, ಇವತ್ತಿನ ಶಿಫ್ಟ್‌ನವರ ಕಣ್ಣಿಗೆ ಬೀಳುವುದಿಲ್ಲ. ನಮ್ಮಲ್ಲಿ ಗಡಿ ಶಿಫ್ಟ್ ಬದಲಾವಣೆ. ಶಿಫ್ಟ್ ದಾಟಿದರೆ ಹೊಸ ಮೆಸೇಜ್, ಅದರೊಳಗೆ ಹಳೇ ಥ್ರೆಡ್‌ನ ಲಿಂಕ್.

ಇದೆಲ್ಲ ನಿಲ್ಲುವುದು ಮೊದಲ ಮೆಸೇಜ್ ಮೇಲೆ. "ಹಾಯ್" ಎಂಟರ್, "ಒಂದು ಡೌಟ್" ಎಂಟರ್, ಆಮೇಲೆ ಐಡಿ ಎಂಟರ್. ಥ್ರೆಡ್ ಯಾವುದಕ್ಕೆ ಹಾಕುವುದು? ಒಬ್ಬರು "ಹಾಯ್"ಗೆ, ಇನ್ನೊಬ್ಬರು ಐಡಿಗೆ. ಒಂದೇ ತೊಂದರೆಗೆ ಎರಡು ಥ್ರೆಡ್. ಸ್ಲ್ಯಾಕ್‌ನಲ್ಲಿ ಹಾಕಿದ ಮೆಸೇಜನ್ನು ಥ್ರೆಡ್‌ಗೆ ಎಳೆದು ಸೇರಿಸಲೂ ಬರುವುದಿಲ್ಲ, ಅಳಿಸಿ ಮತ್ತೆ ಬರೆಯಬೇಕು. ಮೊದಲು ಸ್ಲ್ಯಾಕ್‌ಬಾಟ್‌ನಿಂದ "ದಯವಿಟ್ಟು ಥ್ರೆಡ್" ಎಂದು ಉತ್ತರ ಬರುವ ಹಾಗೆ ಮಾಡಿದ್ದೆ, ಜನ ಉರಿದುಬಿದ್ದರು. ಈಗ ಮಾತಿಲ್ಲದೆ 🧵 ಹಾಕುತ್ತೇವೆ. ಬರೆದವರೇ ಅಳಿಸಿ ಸರಿ ಮಾಡುತ್ತಾರೆ. ಹೊಸಬರಿಗೆ ಅದನ್ನು ಅಭ್ಯಾಸ ಮಾಡಿಸುವ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮವರು ಓದಿಬಿಟ್ಟರೆ ಕೆಲಸ ಕೆಟ್ಟಿತು.

ಅಲರ್ಟ್‌ಗಳದ್ದು ಬೇರೆ ಗೋಳು. ಬ್ಯಾಂಕ್ ಕೈಕೊಟ್ಟರೆ ನಮ್ಮ ಬಾಟ್ ಐದು ನಿಮಿಷಕ್ಕೊಮ್ಮೆ ಅದೇ ಸಾಲು ಹಾಕುತ್ತಿತ್ತು. ಮೊದಲನೆಯದು ಚಾನೆಲ್‌ಗೆ, ಉಳಿದವು ಅದರ ಥ್ರೆಡ್‌ಗೆ ಹೋಗಲಿ ಎಂದುಕೊಂಡೆ. ಆದರೆ ಬಾಟ್ ಬಳಸುತ್ತಿದ್ದ ಇನ್‌ಕಮಿಂಗ್ ವೆಬ್‌ಹುಕ್ ಮೂಲಕ ಕಳಿಸಿದರೆ ವಾಪಸ್ ಬರುವುದು ಬರೀ `ok`, ಯಾವ ಮೆಸೇಜ್‌ನ ಥ್ರೆಡ್ ಎಂದು ಹೇಳಲು ಬೇಕಾದ ಅದರ ಗುರುತು `ts` ಸಿಗುವುದೇ ಇಲ್ಲ. ಅದಕ್ಕೇ ಬಾಟ್ ಟೋಕನ್ ತೆಗೆದುಕೊಂಡು `chat.postMessage`ಗೆ ಬದಲಾಯಿಸಿದೆ.

```
{"channel": "C0XXXXXXX",
 "text": "ಇನ್ನೂ ಸರಿಯಾಗಿಲ್ಲ",
 "thread_ts": "1712345678.123459"}
```

ಆ `ts` ಅನ್ನು ಒಂದು ಶೀಟ್‌ನಲ್ಲಿ ಇಟ್ಟಿದ್ದೆ. ಶೀಟ್ ಅದನ್ನು ಸಂಖ್ಯೆ ಅಂದುಕೊಂಡು ಕೊನೆಯ ಅಂಕಿಗಳನ್ನು ಕತ್ತರಿಸಿತು, ಉತ್ತರಗಳು ಥ್ರೆಡ್ ಸೇರಲೇ ಇಲ್ಲ. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಕಣ್ಣಿಗೆ ಬಿತ್ತು. ಅದನ್ನು ಉದ್ಧರಣ ಚಿಹ್ನೆಯೊಳಗೆ, ಅಕ್ಷರವಾಗಿಯೇ ಇಡಿ. ಇನ್ನೊಂದು, ಯಾವಾಗಲೂ ಮೊದಲ ಮೆಸೇಜ್‌ನ `ts` ಕೊಡಿ, ನಡುವಿನ ಉತ್ತರದ್ದಲ್ಲ. ಬ್ಯಾಂಕ್ ಸರಿಯಾದಾಗ ಮಾತ್ರ `reply_broadcast` ಹಾಕಿ ಚಾನೆಲ್‌ಗೂ ಬಿಡುತ್ತೇನೆ. ಅಲರ್ಟ್ ಸಾಲುಗಳು ದಿನಕ್ಕೆ ಅರವತ್ತರಿಂದ ಏಳೆಂಟಕ್ಕೆ ಇಳಿದವು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಚಾನೆಲ್‌ನಲ್ಲಿ ಹೊಸ ಮೆಸೇಜ್ ಹಾಕುವ ಹಕ್ಕು ಲೀಡ್‌ಗಳಿಗೆ ಮಾತ್ರ, ಉಳಿದವರು ಥ್ರೆಡ್‌ನಲ್ಲಿ ಬರೆಯಬಹುದು ಎಂದು ಸೆಟ್ಟಿಂಗ್ ಬದಲಿಸಿದೆ. ನಾಲ್ಕೇ ದಿನ. ಕೇಳಲು ಜಾಗವಿಲ್ಲದೆ ಜನ ಎಲ್ಲ ಪ್ರಶ್ನೆಗಳನ್ನೂ ಕೊನೆಯ ಮೆಸೇಜ್‌ನ ಥ್ರೆಡ್‌ಗೇ ತುಂಬಿದರು. ಯಾರದೋ ಹುಟ್ಟುಹಬ್ಬದ ಶುಭಾಶಯದ ಕೆಳಗೆ ಎಪ್ಪತ್ತು ಉತ್ತರ, ಅದರಲ್ಲಿ ಅರ್ಧ ರೀಫಂಡ್ ಐಡಿಗಳು. ಪಕ್ಕದ ಟೀಮಿನವರು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದಾರೆ.

ಈಗ ಥ್ರೆಡ್ ಮೂವತ್ತು ಉತ್ತರ ದಾಟಿದರೆ ಕಾಲ್ ಮಾಡಿ ಮಾತಾಡುತ್ತೇವೆ. ತೀರ್ಮಾನವನ್ನು ಕೇಳಿದವರೇ ಮೊದಲ ಮೆಸೇಜ್ ಎಡಿಟ್ ಮಾಡಿ ತಲೆಯಲ್ಲೇ ಸೇರಿಸಿ ✅ ಹಾಕುತ್ತಾರೆ. ಎಡಿಟ್ ಮಾಡಿದರೆ ಯಾರಿಗೂ ನೋಟಿಫಿಕೇಶನ್ ಹೋಗುವುದಿಲ್ಲ, ಹಾಗಾಗಿ ತುರ್ತಿದ್ದರೆ ಟಿಕ್ ಹಾಕಿದ ಒಂದು ಸಾಲು ಬೇಕೇ ಬೇಕು. ಮಧ್ಯಾಹ್ನದ ಶಿಫ್ಟ್‌ನವರು ✅ ಇಲ್ಲದ್ದನ್ನು ಮಾತ್ರ ತೆರೆದು ನೋಡುತ್ತಾರೆ, ಐದಾರು ನಿಮಿಷ ಸಾಕು. ಎರಡು ಸಲ ಹಣ ಹೋದದ್ದು ಆಮೇಲೆ ಒಮ್ಮೆಯೂ ಆಗಿಲ್ಲ.

ಬಗೆಹರಿಯದೇ ಉಳಿದಿರುವುದು ಬ್ಯಾಂಕಿನವರ ಜೊತೆಗಿನ ವಾಟ್ಸಾಪ್ ಗ್ರೂಪ್. ಅವರು ಸ್ಲ್ಯಾಕ್‌ಗೆ ಬರುವುದಿಲ್ಲ. ಅಲ್ಲಿಂದ ಬಂದ ಉತ್ತರವನ್ನು ನಮ್ಮಲ್ಲಿ ಒಬ್ಬರು ಕಾಪಿ ಮಾಡಿ ಸರಿಯಾದ ಥ್ರೆಡ್ ಹುಡುಕಿ ಹಾಕಬೇಕು. ಈ ವಾರ ಆ ಸರದಿ ನನ್ನದು.