ಮೂರು ಕಂಪನಿ, ಒಂದೇ ಪೆನ್ಷನ್: ನನ್ನ ಅನುಭವ

2015ರಲ್ಲಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಬೇಸಿಕ್ ಹನ್ನೆರಡು ಸಾವಿರ. ಮೂರು ವರ್ಷದ ನಂತರ ದೊಡ್ಡ ಕಂಪನಿಗೆ ಹೋದೆ, ಅಲ್ಲಿ ನಾಲ್ಕು ವರ್ಷ. 2022ರಿಂದ ಮೂರನೆಯ ಕಡೆ ಇದ್ದೇನೆ. ಪಿಎಫ್‌ಗೆ ಕೊಡುವ ಯುಎಎನ್ ನಂಬರ್ ಮಾತ್ರ ಎಲ್ಲ ಕಡೆಯೂ ಒಂದೇ.

ಮೂರನೆಯ ಕಡೆ ಸೇರಿದ ಮೇಲೆ ಹಳೆಯ ಪಿಎಫ್ ಟ್ರಾನ್ಸ್‌ಫರ್‌ಗೆ ಅರ್ಜಿ ಹಾಕಿದೆ. ದುಡ್ಡು ಬಂತು. ಆದರೆ ಪಾಸ್‌ಬುಕ್‌ನಲ್ಲಿ ನನ್ನ ಪಾಲು, ಕಂಪನಿಯ ಪಾಲು ಮಾತ್ರ ಕಾಣುತ್ತಿತ್ತು. ಟ್ರಾನ್ಸ್‌ಫರ್ ಆದ ಸಾಲಿನಲ್ಲಿ ಪೆನ್ಷನ್ ಕಾಲಂ ಸೊನ್ನೆ. ಇದನ್ನು ನೋಡಿ ತುಂಬಾ ಜನ ಗಾಬರಿಯಾಗುತ್ತಾರೆ. ಗಾಬರಿ ಬೇಡ, ಅದು ಹಾಗೇ ಇರಬೇಕು.

ಕಂಪನಿ ನಮ್ಮ ಹೆಸರಲ್ಲಿ ಕಟ್ಟುವುದರಲ್ಲಿ ಸಂಬಳದ ಶೇಕಡಾ 8.33 ಪೆನ್ಷನ್ ನಿಧಿಗೆ ಹೋಗುತ್ತದೆ. ಬೇಸಿಕ್ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿವರೆಗೆ, ಅಂದರೆ ತಿಂಗಳಿಗೆ ಹೆಚ್ಚೆಂದರೆ 1,250. ಆ ದುಡ್ಡು ಎಲ್ಲರ ಸಾಮಾನ್ಯ ನಿಧಿಯಲ್ಲೇ ಉಳಿಯುತ್ತದೆ. ಕೆಲಸ ಬದಲಿಸಿದಾಗ ನಮ್ಮ ಜೊತೆ ಬರುವುದು ಸೇವೆ ಮಾಡಿದ ವರ್ಷಗಳು. ಹಾಗಾಗಿ ನೋಡಬೇಕಾದ್ದು ಪಾಸ್‌ಬುಕ್ ಅಲ್ಲ, ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ View ಒಳಗಿನ Service History.

ನನಗೆ ತೊಂದರೆ ಕಂಡದ್ದು ಅಲ್ಲೇ. ಮೊದಲ ಕಾರ್ಖಾನೆ ನಾನು ಬಿಟ್ಟ ದಿನಾಂಕವನ್ನೇ ತುಂಬಿರಲಿಲ್ಲ. ಕೆಲಸ ಬಿಟ್ಟು ಎರಡು ತಿಂಗಳು ಕಳೆದ ಮೇಲೆ ಇದನ್ನು ನಾವೇ Manage ಒಳಗಿನ Mark Exit ನಲ್ಲಿ ತುಂಬಬಹುದು. ಆಧಾರ್ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ, ಅಷ್ಟೇ ಕೆಲಸ. ದಿನಾಂಕ ಮಾತ್ರ ಕೊನೆಯ ಪಿಎಫ್ ಕಟ್ಟಿದ ತಿಂಗಳಿನೊಳಗೇ ಇರಬೇಕು.

ಎರಡನೆಯದು ಸ್ವಲ್ಪ ಕಷ್ಟ. ಆ ಕಂಪನಿಗೆ ಸ್ವಂತ ಪಿಎಫ್ ಟ್ರಸ್ಟ್ ಇತ್ತು. ಇಂಥ ಕಡೆ ಪಿಎಫ್ ದುಡ್ಡು ಟ್ರಸ್ಟ್‌ನಲ್ಲಿರುತ್ತದೆ, ಪೆನ್ಷನ್ ಪಾಲು ಮಾತ್ರ ಸರ್ಕಾರಿ ಪಿಎಫ್ ಕಚೇರಿಗೆ ಹೋಗುತ್ತದೆ. ಟ್ರಾನ್ಸ್‌ಫರ್ ಮಾಡುವಾಗ ದುಡ್ಡಿನ ಜೊತೆ ಅನೆಕ್ಷರ್ ಕೆ ಅನ್ನುವ ಕಾಗದವನ್ನೂ ಟ್ರಸ್ಟ್ ಕಳಿಸಬೇಕು. ಸೇರಿದ ದಿನ, ಬಿಟ್ಟ ದಿನ, ಸಂಬಳವಿಲ್ಲದ ರಜೆಯ ದಿನಗಳು ಅದರಲ್ಲಿರುತ್ತವೆ. ನನ್ನದರಲ್ಲಿ ದುಡ್ಡು ಬಂದಿತ್ತು, ಸೇವೆಯ ವಿವರ ದಾಖಲಾಗಿರಲಿಲ್ಲ. ಟ್ರಸ್ಟ್‌ನಿಂದ ಅನೆಕ್ಷರ್ ಕೆ ಪ್ರತಿ ತರಿಸಿಕೊಂಡು, ಪಿಎಫ್ ದೂರು ಕೊಡುವ ವೆಬ್‌ಸೈಟ್ EPFiGMS ನಲ್ಲಿ ದೂರಿನ ಜೊತೆ ಲಗತ್ತಿಸಿದೆ. ಸ್ವಲ್ಪ ಓಡಾಟದ ನಂತರ ಸರಿಯಾಯಿತು.

ಆ ನಾಲ್ಕು ವರ್ಷಕ್ಕೆ ಇಷ್ಟೊಂದು ಯಾಕೆ ಹೋರಾಡಬೇಕು ಅಂದರೆ, ತಿಂಗಳ ಪೆನ್ಷನ್ ಸಿಗಲು ಹತ್ತು ವರ್ಷ ಸೇವೆ ಬೇಕು. ನನ್ನ ಮೂರು, ನಾಲ್ಕು, ಮೂರು ಸೇರಿದರೆ ಹತ್ತು. ಮಧ್ಯದ ನಾಲ್ಕು ಬಿಟ್ಟುಹೋದರೆ ಆರೇ ಆಗುತ್ತದೆ, ಆಗ ಪೆನ್ಷನ್ ಇಲ್ಲ. ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 15,000ಕ್ಕೆ ಹತ್ತು ವರ್ಷ ಅಂದರೆ, 58 ತುಂಬಿದ ಮೇಲೆ ತಿಂಗಳಿಗೆ ಸುಮಾರು 2,143 ರೂಪಾಯಿ. ಮುಂದೆ ಸೇರುವ ಒಂದೊಂದು ವರ್ಷಕ್ಕೂ 214 ರೂಪಾಯಿ ಜಾಸ್ತಿ.

ಕೆಲಸದ ಮಧ್ಯೆ ಬಿಡುವು ಸಿಕ್ಕಾಗ ಫಾರಂ 10ಸಿ ಹಾಕಿ ಪೆನ್ಷನ್ ದುಡ್ಡು ತೆಗೆಯಿರಿ ಅಂತ ಸಲಹೆ ಕೊಡುವವರು ಇರುತ್ತಾರೆ. ತೆಗೆದರೆ ಆ ವರ್ಷಗಳು ಲೆಕ್ಕದಿಂದ ಹೋಗುತ್ತವೆ. ಅದೇ ಫಾರಂನಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಮತ್ತೆ ಕೆಲಸ ಸಿಕ್ಕಾಗ ಅದನ್ನು ಹೊಸ ಕಂಪನಿಯ ಮೂಲಕ ಕೊಟ್ಟರೆ ಹಳೆಯ ಸೇವೆ ಮುಂದಕ್ಕೆ ಸೇರುತ್ತದೆ.