ಹುಣಸೆ ಬೀಜ ಎಣಿಸುತ್ತಾ ಕಲಿತ ಪಾಟ್ ಆಡ್ಸ್

ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ಭಾನುವಾರ ಸಂಜೆ ಮಾಳಿಗೆ ಮೇಲೆ ನಾಲ್ಕೈದು ಜನ ಸೇರಿ ಪೋಕರ್ ಆಡುತ್ತೇವೆ. ದುಡ್ಡು ಕಟ್ಟೋದಿಲ್ಲ, ಹುಣಸೆ ಬೀಜ ಕಟ್ಟುತ್ತೇವೆ. ತಲೆಗೆ 200 ಬೀಜ. ಕೊನೆಗೆ ಯಾರ ಹತ್ತಿರ ಕಮ್ಮಿ ಉಳಿದಿರುತ್ತೋ ಅವರು ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸಬೇಕು. ಮೊದಲ ವರ್ಷ ಬಹುತೇಕ ನಾನೇ ತರಿಸುತ್ತಿದ್ದೆ.

ಯಾಕೆ ಅಂತ ಗೊತ್ತಾಗಿದ್ದು ಒಂದೇ ಆಟದಿಂದ. ಅದನ್ನು ಪೂರ್ತಿ ಹೇಳುತ್ತೇನೆ.

ನನ್ನ ಕೈಯಲ್ಲಿ ಆಟಿನ್ 8, ಆಟಿನ್ 6. ಫ್ಲಾಪಿನಲ್ಲಿ, ಅಂದರೆ ಎಲ್ಲರಿಗೂ ಸೇರಿ ನೆಲಕ್ಕೆ ಮೊದಲು ಬಿದ್ದ ಮೂರು ಎಲೆ: ಆಟಿನ್ ರಾಜ, ಕಳಾವರ್ ರಾಣಿ, ಆಟಿನ್ 3. ಇನ್ನೊಂದು ಆಟಿನ್ ಬಂದರೆ ಐದಾಗಿ ಫ್ಲಶ್. ನಾಲ್ಕನೇ ಎಲೆ, ಅಂದರೆ ಟರ್ನ್, ಇಸ್ಪೀಟ್ ರಾಣಿ. ಬರಲಿಲ್ಲ. ಆಗ ನಡುವೆ 120 ಬೀಜ ಇತ್ತು. ಎದುರಿಗಿದ್ದ ಭಾವ 60 ಬೀಜ ಮುಂದೆ ತಳ್ಳಿದರು. ಉಳಿದವರು ಎಲೆ ಮಡಚಿ ಆಗಿತ್ತು. ಭಾವನ ಹತ್ತಿರ ಇನ್ನು ಹೆಚ್ಚೆಂದರೆ 40 ಬೀಜ ಉಳಿದಿತ್ತು.

ನನ್ನ ತಲೆಯಲ್ಲಿ ಒಂದು ಅಂಕಿ ಕೂತಿತ್ತು: ಫ್ಲಶ್ ಬರೋದು ನೂರಕ್ಕೆ 35 ಸಲ. ಎಲ್ಲೋ ಓದಿದ್ದೆ. ಮೂರರಲ್ಲಿ ಒಂದು ಸಲ ಬರುತ್ತಲ್ವಾ ಅಂತ 60 ಬೀಜ ಹಾಕಿಬಿಟ್ಟೆ. ಕೊನೇ ಎಲೆ ಆಟಿನ್ ರಾಣಿ! ಫ್ಲಶ್ ಆಯ್ತು. ಭಾವ ಉಳಿದ 40 ಬೀಜವನ್ನೂ ತಳ್ಳಿದರು. ನಾನು ಖುಷಿಯಿಂದ ಹಾಕಿದೆ. ಅವರು ಎಲೆ ತಿರುಗಿಸಿದರು: ಇಸ್ಪೀಟ್ ರಾಜ, ಡೈಮನ್ ಗುಲಾಮ. ನೆಲದ ಮೇಲೆ ಮೂರು ರಾಣಿ, ನೆಲದ ರಾಜ ಸೇರಿ ಅವರಿಗೆ ಎರಡು ರಾಜ. ಫುಲ್ ಹೌಸ್. ನನ್ನ ಫ್ಲಶ್ ಅದಕ್ಕಿಂತ ಕೆಳಗೆ.

"ಏನಪ್ಪಾ, ಬೇಡಿದ ಎಲೆನೇ ಬಂತಲ್ಲ!" ಅಂತ ನಕ್ಕರು.

ಅವತ್ತು ಅದೃಷ್ಟ ಕೆಟ್ಟಿತ್ತು ಅಂದುಕೊಂಡೆ. ರಾತ್ರಿ ಕೂತು ಲೆಕ್ಕ ಹಾಕಿದಾಗ ಕೆಟ್ಟಿದ್ದು ಅದೃಷ್ಟ ಅಲ್ಲ, ಲೆಕ್ಕ ಅಂತ ಕಂಡಿತು. ಅದೂ ಎರಡು ಕಡೆ.

ಮೊದಲನೆಯದು ಆ 35. ಅದು ಫ್ಲಾಪಿನಲ್ಲಿ ನಿಂತು, ಇನ್ನೂ ಎರಡು ಎಲೆ ಬರೋದಿದೆ, ಎರಡನ್ನೂ ಒಂದೇ ಬೆಲೆಗೆ ನೋಡಬಹುದು ಅನ್ನುವಾಗಿನ ಅಂಕಿ. ನಾನು ನಿಂತಿದ್ದು ಟರ್ನ್‌ನಲ್ಲಿ. ಉಳಿದಿದ್ದು ಒಂದೇ ಎಲೆ. 52ರಲ್ಲಿ ನನಗೆ ಕಾಣುತ್ತಿದ್ದದ್ದು ಆರು: ಕೈಯಲ್ಲಿ ಎರಡು, ನೆಲದಲ್ಲಿ ನಾಲ್ಕು. ಕಾಣದ್ದು 46. ಅದರಲ್ಲಿ ಆಟಿನ್ 9. ಈ ಒಂಬತ್ತು ಎಲೆಗೇ ಔಟ್ಸ್ ಅನ್ನೋದು. 46ರಲ್ಲಿ 9 ಅಂದರೆ ನೂರಕ್ಕೆ ಹತ್ತಿರ ಹತ್ತಿರ 20. ಆಡುವಾಗ ಭಾಗಾಕಾರ ಮಾಡೋಕಾಗಲ್ಲ, ಔಟ್ಸನ್ನು ಎರಡರಿಂದ ಗುಣಿಸಿ ಸ್ವಲ್ಪ ಸೇರಿಸಿಕೊಂಡರೆ ಸಾಕು.

ಬೆಲೆ ಕಡೆ ಈಗ ನೋಡಿ. ನಡುವೆ 120, ಭಾವ ಹಾಕಿದ್ದು 60, ನಾನು ಹಾಕಬೇಕಾದ್ದು 60. ಒಟ್ಟು 240. ಅದರಲ್ಲಿ ನನ್ನ ಪಾಲು 60, ಅಂದರೆ ಕಾಲು ಭಾಗ. ನೂರಕ್ಕೆ 25 ಸಲ ಗೆದ್ದರೆ ಬರೀ ಅಸಲು ಬರುತ್ತೆ. ಇದೇ ಪಾಟ್ ಆಡ್ಸ್. ತುಂಬಾ ಜನ ಒಟ್ಟಿನಲ್ಲಿ ತಮ್ಮ 60 ಸೇರಿಸೋದು ಮರೆಯುತ್ತಾರೆ. ಆಗ 180ಕ್ಕೆ 60, ಮೂರನೇ ಒಂದು ಅಂತ ಬರುತ್ತೆ, ಬಿಡಬಾರದ ಕಡೆ ಬಿಟ್ಟುಬಿಡುತ್ತಾರೆ. ನನಗೆ ಬೇಕಿದ್ದದ್ದು 25, ಇದ್ದದ್ದು 20. ಅಲ್ಲಿಗೇ ಎಲೆ ಮಡಚಬೇಕಿತ್ತು.

ಎರಡನೇ ತಪ್ಪು ಆ ಆಟಿನ್ ರಾಣಿ. ನೆಲದ ಮೇಲೆ ಎರಡು ರಾಣಿ ಜೋಡಿಯಾಗಿ ಕೂತಿದ್ದವು. ಎದುರಿಗಿದ್ದವರ ಕೈಯಲ್ಲಿ ರಾಜ ಇದ್ದರೆ, ಮೂರನೇ ರಾಣಿ ನನಗೆ ಫ್ಲಶ್ ಕೊಡುವಾಗಲೇ ಅವರಿಗೆ ಫುಲ್ ಹೌಸ್ ಕೊಡುತ್ತೆ. ಅದು ನನ್ನ ಔಟ್ ಅಲ್ಲವೇ ಅಲ್ಲ. ಒಂಬತ್ತರಲ್ಲಿ ಒಂದು ಹೋಯಿತು, ಉಳಿದದ್ದು ಎಂಟು, ನೂರಕ್ಕೆ 17 ಚಿಲ್ಲರೆ. ಭಾವನ ಕೈಯಲ್ಲಿ ರಾಜ-ರಾಣಿ ಇದ್ದಿದ್ದರಂತೂ ಟರ್ನ್‌ನಲ್ಲೇ ಫುಲ್ ಹೌಸ್, ನನಗೆ ಒಂದು ಔಟೂ ಇಲ್ಲ. ಅದಕ್ಕೇ ಈಗ ನೆಲದಲ್ಲಿ ಜೋಡಿ ಕಂಡರೆ ಔಟ್ಸ್ ಎಣಿಸಿದ ಮೇಲೆ ಒಂದೆರಡು ಕಳೆದುಬಿಡುತ್ತೇನೆ.

ದೀರ್ಘಕಾಲಕ್ಕೆ ನಷ್ಟ ಅಂತಾರಲ್ಲ, ಎಷ್ಟು ನಷ್ಟ? ಇದೇ ಆಟ 46 ಸಲ ಬಂತು, ಕಾಣದ ಎಲೆ ಒಂದೊಂದೂ ಒಂದೊಂದು ಸಲ ಬಿತ್ತು ಅಂದುಕೊಳ್ಳಿ. 8 ಸಲ ನನಗೆ 180 ಬೀಜ, ಒಟ್ಟು 1440. ಉಳಿದ 38 ಸಲ 60 ಕಳೆದುಕೊಂಡೆ, ಒಟ್ಟು 2280. ಕೈಬಿಟ್ಟದ್ದು 840. ಅಂದರೆ ಪ್ರತಿ ಸಲ ಹಾಕಿದಾಗ ಸುಮಾರು 18 ಬೀಜ ಭಾವನ ಜೇಬಿಗೆ ಹೋಯಿತು. ಗೆದ್ದ ಸಲ ನೆನಪಿರುತ್ತೆ, ಈ 18 ಕಣ್ಣಿಗೆ ಬೀಳೋದೇ ಇಲ್ಲ.

ಇಷ್ಟಾದರೂ ನಂಬಿಕೆ ಬರಲಿಲ್ಲ. ಆ ಆರು ಎಲೆ ತೆಗೆದಿಟ್ಟು, ಉಳಿದ 46 ಕಲೆಸಿ, ಮೇಲಿನ ಎಲೆ ತಿರುಗಿಸಿ ನೋಡಿದೆ. ನೂರು ಸಲ. ಹೆಂಡತಿ ಒಂದು ಸಲ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹೋದಳು. ಮೊದಲ ರಾತ್ರಿ ಆಟಿನ್ ಬಂದದ್ದು 23 ಸಲ. ಲೆಕ್ಕವೇ ತಪ್ಪಿರಬೇಕು ಅನ್ನಿಸಿತು. ಮರುದಿನ ಇನ್ನೊಂದು ನೂರು ಮಾಡಿದೆ, 15 ಸಲ. ನೂರು ಸಲಕ್ಕೇ ಇಷ್ಟು ಏರುಪೇರಾದರೆ, ಒಂದು ಸಂಜೆಯ ಎರಡು ಮೂರು ಆಟದಿಂದ ಏನು ಗೊತ್ತಾಗುತ್ತೆ ಹೇಳಿ.

ಒಂದು ಆಕ್ಷೇಪ ನಾನೇ ಎತ್ತಿಕೊಂಡೆ. ಫ್ಲಶ್ ಬಂದ ಮೇಲೆ ಎದುರಿನವರು ಇನ್ನಷ್ಟು ಬೀಜ ಹಾಕಿದರೆ? ಅದೂ ಲೆಕ್ಕಕ್ಕೆ ಬರುತ್ತೆ, ಸುಳ್ಳಲ್ಲ. ಎಂಟು ಔಟ್ಸ್‌ಗೆ 60 ಹಾಕಿದ್ದು ಸರಿಯಾಗಬೇಕಾದರೆ, ಗೆದ್ದಾಗ 180 ಅಲ್ಲ, 285 ಸಿಗಬೇಕು. ಅಂದರೆ ಮೇಲೆ ಇನ್ನೂ 105, ಸರಾಸರಿ. ಆದರೆ ಭಾವನ ಮುಂದೆ ಇದ್ದದ್ದೇ 40. ಇಲ್ಲದ ಬೀಜ ಎಲ್ಲಿಂದ ಬರಬೇಕು? ಈಗ ಎಲೆ ನೋಡೋ ಮೊದಲು ಎದುರಿನವರ ಗುಡ್ಡೆ ನೋಡುತ್ತೇನೆ. ಗುಡ್ಡೆ ದೊಡ್ಡದಿದ್ದರೂ, ನೆಲದಲ್ಲಿ ಮೂರನೇ ಆಟಿನ್ ಬಿದ್ದ ಕೂಡಲೇ ಹುಷಾರಾಗೋರ ಹತ್ತಿರ ಈ ಆಸೆ ಇಟ್ಟುಕೊಳ್ಳೋದಿಲ್ಲ.

ಅದೇ ಟರ್ನ್‌ನಲ್ಲಿ ಭಾವ 60ರ ಬದಲು 30 ತಳ್ಳಿದ್ದರೆ ಮಾತೇ ಬೇರೆ. ಒಟ್ಟು 180, ನನ್ನ ಪಾಲು 30, ಆರನೇ ಒಂದು, ನೂರಕ್ಕೆ 16.7. ನನ್ನ ಹತ್ತಿರ 17.4. ಅಷ್ಟು ತೆಳು ಲಾಭ, ಸಲಕ್ಕೆ ಒಂದು ಬೀಜ ಸ್ವಲ್ಪ ಮೇಲೆ. ಆದರೂ ಹಾಕಬೇಕು.

ಆಮೇಲೆ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ಟರ್ನ್‌ನಲ್ಲಿ ಕಾಲ್ ಮಾಡಿದಾಗಲೆಲ್ಲ, ಅಂದರೆ ಎದುರಿನವರು ಹಾಕಿದಷ್ಟೇ ನಾನೂ ಹಾಕಿದಾಗಲೆಲ್ಲ, ಒಟ್ಟು ಎಷ್ಟು, ನನ್ನದು ಎಷ್ಟು, ಔಟ್ಸ್ ಎಷ್ಟು ಅಂತ ಬರೆದು, ಎಲೆ ತಿರುಗಿಸೋ ಮೊದಲೇ ಪಕ್ಕದಲ್ಲಿ ಟಿಕ್ ಅಥವಾ ಕಾಟು ಹಾಕುತ್ತೇನೆ. ಎಲೆ ನೋಡಿದ ಮೇಲೆ ಹಾಕಿದರೆ ಮನಸ್ಸು ಮೋಸ ಮಾಡುತ್ತೆ.

ಹೋದ ಭಾನುವಾರ ಹಾಗೇ ಒಂದು ಬಂತು. ಒಂಬತ್ತು ಔಟ್ಸ್, ನೆಲದಲ್ಲಿ ಜೋಡಿ ಇಲ್ಲ, ನಡುವೆ 100, ಭಾವ 25 ಹಾಕಿದರು. ಟಿಕ್ ಹಾಕಿ ಕಾಲ್ ಮಾಡಿದೆ. ಕೊನೇ ಎಲೆ ಕಳಾವರ್ 2. ಅವತ್ತು ಮಂಡಕ್ಕಿ ನನ್ನ ಲೆಕ್ಕಕ್ಕೇ ಬಂತು. ಭಾವ ನೋಟ್‌ಬುಕ್ ಕಡೆ ಬಗ್ಗಿ ನೋಡಿ, "ಸೋತಿದ್ದಕ್ಕೂ ಟಿಕ್ ಹಾಕ್ತೀಯಲ್ಲೋ?" ಅಂದರು. "ಸೋಲೋಕೆ ಮೊದಲೇ ಹಾಕಿದ್ದು ಭಾವ" ಅಂದೆ.